ನಷ್ಟವಾದ ವರ್ಷವೇ ರಿಟರ್ನ್ ಸಲ್ಲಿಸಬೇಕಾದ ವರ್ಷ: ಹೊಸ ಉದ್ದಿಮೆಯ ಹಳೆಯ ನಷ್ಟ ಮುಂದಿನ ತೆರಿಗೆಯನ್ನು ಇಳಿಸುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೊಸದಾಗಿ ಉದ್ದಿಮೆ ಶುರು ಮಾಡುವವರಲ್ಲಿ ಹೆಚ್ಚಿನವರಿಗೆ ಮೊದಲ ಎರಡು ವರ್ಷ ಕೈಗೆ ಏನೂ ಹತ್ತುವುದಿಲ್ಲ. ಹಲಸಿನ ಚಿಪ್ಸ್ ಇರಲಿ, ಹಾಳೆ ತಟ್ಟೆ ಇರಲಿ, ಘಟ್ಟದ ಕೆಳಗೆ ಗೋಕರ್ಣದ ಹೋಂಸ್ಟೇ ಇರಲಿ, ಯಂತ್ರ, ಬಾಡಿಗೆ, ಬ್ಯಾಂಕಿನ ಬಡ್ಡಿ ಎಲ್ಲವೂ ಮೊದಲ ದಿನದಿಂದಲೇ ಬೆನ್ನು ಹತ್ತುತ್ತವೆ. ಗಿರಾಕಿಗಳು ಮಾತ್ರ ನಿಧಾನವಾಗಿ ಬರುತ್ತಾರೆ. ಇಂಥ ವರ್ಷದ ಕೊನೆಯಲ್ಲಿ ಬಹಳ ಜನ ಆಡುವ ಮಾತು ಒಂದೇ: “ಲಾಭವೇ ಇಲ್ಲ, ತೆರಿಗೆಯೂ ಇಲ್ಲ, ಇನ್ನು ರಿಟರ್ನ್ ಯಾಕೆ?”

ಈ ಮಾತಿನಿಂದ ಹೋಗುವ ಹಣ ಸಣ್ಣದಲ್ಲ. ಗಡುವಿನೊಳಗೆ ರಿಟರ್ನ್ ಸಲ್ಲಿಸಿ ದಾಖಲಿಸಿದ ವ್ಯಾಪಾರದ ನಷ್ಟವನ್ನು ಮುಂದಿನ ಎಂಟು ವರ್ಷಗಳವರೆಗೆ ಒಯ್ದು, ಲಾಭ ಬಂದಾಗ ಅದರಿಂದ ಕಳೆಯಬಹುದು. ಉಳಿದ ಲಾಭಕ್ಕೆ ಮಾತ್ರ ತೆರಿಗೆ. ದಾಖಲಿಸದ ನಷ್ಟವನ್ನು ಹೀಗೆ ಕಳೆಯಲು ಬರುವುದಿಲ್ಲ.

ಕಾನೂನು ಈ ಅವಕಾಶವನ್ನು ಕೊಡುವುದು ಕರುಣೆಯಿಂದಲ್ಲ, ಲೆಕ್ಕದ ನ್ಯಾಯದಿಂದ. ತೆರಿಗೆಯ ವರ್ಷ ಏಪ್ರಿಲ್ 1ಕ್ಕೆ ತೊಡಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಉದ್ದಿಮೆಯ ಬಾಳು ಹಾಗೆ ವರ್ಷ ವರ್ಷಕ್ಕೆ ತುಂಡಾಗುವುದಿಲ್ಲ. ಮೊದಲ ವರ್ಷ ಎಂಟು ಲಕ್ಷ ಕಳೆದುಕೊಂಡು ಮೂರನೆಯ ವರ್ಷ ಎಂಟು ಲಕ್ಷ ಗಳಿಸಿದವನು ಒಟ್ಟಿನಲ್ಲಿ ಗಳಿಸಿದ್ದು ಸೊನ್ನೆ. ಒಳ್ಳೆಯ ವರ್ಷವನ್ನು ಮಾತ್ರ ಹಿಡಿದು ತೆರಿಗೆ ಹಾಕಿದರೆ ಇಲ್ಲದ ಗಳಿಕೆಗೆ ತೆರಿಗೆ ಹಾಕಿದಂತಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 72 ಈ ಅನ್ಯಾಯವನ್ನು ತಡೆಯುತ್ತದೆ.

ಲೆಕ್ಕ ಹೇಗೆ ಸಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಇದು ಕಲ್ಪಿತ ಲೆಕ್ಕ, ನಿಯಮಗಳು ನಿಜ.

ಮುರುಗಲು ಘಟಕದ ನಾಲ್ಕು ವರ್ಷ

ಶಿರಸಿ ತಾಲ್ಲೂಕಿನ ಇಬ್ಬರು ಗೆಳೆಯರು ಸಮಪಾಲಿನಲ್ಲಿ ಪಾಲುದಾರಿಕೆ ಸಂಸ್ಥೆ ಮಾಡಿಕೊಂಡು ಮುರುಗಲು ಸಿರಪ್ ತಯಾರಿಸುವ ಘಟಕ ತೆರೆದರು ಎಂದುಕೊಳ್ಳಿ. 2022ರ ಏಪ್ರಿಲ್ ಮೊದಲ ವಾರ ಯಂತ್ರಗಳು ಕೂತು ಕೆಲಸಕ್ಕೆ ಸಿದ್ಧವಾದವು. ಡ್ರೈಯರ್, ಬಾಟಲಿ ತುಂಬುವ ಯಂತ್ರ, ಸ್ಟೀಲ್ ಟ್ಯಾಂಕುಗಳು ಎಲ್ಲ ಸೇರಿ 20 ಲಕ್ಷ ರೂಪಾಯಿ.

ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಳೆ ಹಿಡಿಯುವುದರೊಳಗೆ ಹಣ್ಣು ಕೊಂಡು, ಒಡೆದು, ಬೀಜ ಬೇರ್ಪಡಿಸಿ, ಸಿಪ್ಪೆಯನ್ನು ಸಕ್ಕರೆಯ ಜೊತೆ ಪದರ ಪದರವಾಗಿ ಡ್ರಮ್ಮಿನಲ್ಲಿ ತುಂಬಿಡಬೇಕು. ಕೆಲವು ದಿನಗಳಲ್ಲಿ ಕಡುಗೆಂಪು ರಸ ಬಿಡುತ್ತದೆ. ಹಣ್ಣು, ಸಕ್ಕರೆ, ಕೂಲಿ ಎಂದು ಇಡೀ ವರ್ಷದ ಸರಕಿಗೆ ಬೇಕಾದ ಹಣದ ಬಹುಪಾಲು ಆ ಕೆಲವೇ ವಾರಗಳಲ್ಲಿ ಖರ್ಚಾಗುತ್ತದೆ. ಸಿರಪ್ ಹೆಚ್ಚು ಓಡುವುದು ಮುಂದಿನ ಬೇಸಿಗೆಯಲ್ಲಿ. ಹೊಸಬರ ಬಾಟಲಿಯನ್ನು ಕುಮಟಾದ ಅಂಗಡಿಯವರಾಗಲಿ ಕಾರವಾರದ ಹೋಟೆಲಿನವರಾಗಲಿ ಮೊದಲ ವರ್ಷವೇ ಹತ್ತಾರು ಪೆಟ್ಟಿಗೆ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ನಷ್ಟವೆಂದರೆ ಯಾವುದು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಕೈಯಿಂದ ಹೋದ ಹಣವೆಲ್ಲ ತೆರಿಗೆಯ ಲೆಕ್ಕದಲ್ಲಿ ನಷ್ಟವಲ್ಲ. ಸಾಲದ ಕಂತಿನಲ್ಲಿ ಬಡ್ಡಿ ಖರ್ಚು, ಅಸಲು ಖರ್ಚಲ್ಲ. ಮಾರ್ಚ್ 31ರಂದು ಉಗ್ರಾಣದಲ್ಲಿ ಉಳಿದ ಸಿರಪ್ ಆಸ್ತಿ. ಅದರ ತಯಾರಿಕೆಯ ವೆಚ್ಚವನ್ನು ಆ ವರ್ಷದ ನಷ್ಟಕ್ಕೆ ಸೇರಿಸುವಂತಿಲ್ಲ. ಯಂತ್ರಕ್ಕೆ ಕೊಟ್ಟ 20 ಲಕ್ಷವೂ ಒಂದೇ ವರ್ಷದ ಖರ್ಚಲ್ಲ. ಅದರ ಮೇಲೆ ವರ್ಷಕ್ಕೆ ಶೇ 15ರಂತೆ, ಪ್ರತಿ ವರ್ಷ ಉಳಿದ ಬೆಲೆಯ ಮೇಲೆ, ಸವಕಳಿ, ಅಂದರೆ ಯಂತ್ರದ ಬೆಲೆ ಸವೆದಷ್ಟನ್ನು ಖರ್ಚೆಂದು ಕಳೆಯುವ ಅವಕಾಶ, ಸಿಗುತ್ತದೆ. ಯಂತ್ರವನ್ನು ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅದರ ಅರ್ಧ ಮಾತ್ರ. ತಯಾರಿಕಾ ಘಟಕಗಳ ಹೊಸ ಯಂತ್ರಕ್ಕೆ ಹೆಚ್ಚುವರಿ ಸವಕಳಿ ಎಂಬುದೂ ಇದೆ. ಲೆಕ್ಕ ಸರಳವಾಗಿರಲೆಂದು ಅದನ್ನು ಇಲ್ಲಿ ತೆಗೆದುಕೊಂಡಿಲ್ಲ.

ಮೊದಲ ವರ್ಷ, ಅಂದರೆ 2022-23ರಲ್ಲಿ, ಸವಕಳಿ ಕಳೆಯುವ ಮೊದಲೇ ಸಂಸ್ಥೆಗೆ 5 ಲಕ್ಷ ರೂಪಾಯಿ ನಷ್ಟವಾಯಿತು. ಸವಕಳಿ 3 ಲಕ್ಷ. ಒಟ್ಟು ನಷ್ಟ 8 ಲಕ್ಷ. ಎರಡನೆಯ ವರ್ಷ ಮಾರಾಟ ಸ್ವಲ್ಪ ಚೇತರಿಸಿಕೊಂಡು, ಸವಕಳಿಗೆ ಮೊದಲಿನ ನಷ್ಟ 2 ಲಕ್ಷಕ್ಕೆ ಇಳಿಯಿತು. ಆ ವರ್ಷದ ಸವಕಳಿ 2 ಲಕ್ಷ 55 ಸಾವಿರ. ಎರಡು ವರ್ಷದ ಮೊತ್ತ 12 ಲಕ್ಷ 55 ಸಾವಿರ ರೂಪಾಯಿ.

ಈ 12.55 ಲಕ್ಷವನ್ನು ಒಂದೇ ರಾಶಿ ಎಂದು ನೋಡಬಾರದು. ಇದರಲ್ಲಿ 7 ಲಕ್ಷ ವ್ಯಾಪಾರದ ನಷ್ಟ. ಉಳಿದ 5.55 ಲಕ್ಷ ಲಾಭವಿಲ್ಲದ ಕಾರಣ ಕಳೆಯಲಾಗದೆ ಉಳಿದ ಸವಕಳಿ. ಕಾನೂನು ಇವೆರಡನ್ನು ಬೇರೆ ಬೇರೆಯಾಗಿ ನಡೆಸಿಕೊಳ್ಳುತ್ತದೆ. ವ್ಯಾಪಾರದ ನಷ್ಟಕ್ಕೆ ಎಂಟು ವರ್ಷದ ಆಯುಷ್ಯ, ಮತ್ತು ಅದನ್ನು ಮುಂದೆ ವ್ಯಾಪಾರದ ಆದಾಯದಿಂದ ಮಾತ್ರ ಕಳೆಯಬಹುದು. ಉಳಿದ ಸವಕಳಿಗೆ ಕಲಂ 32(2)ರ ಪ್ರಕಾರ ಕಾಲಮಿತಿಯೇ ಇಲ್ಲ. ಹೀಗಾಗಿ ಸಿಎ ಕಚೇರಿಯಲ್ಲಿ “ನಿಮ್ಮ ನಷ್ಟ ಇಷ್ಟು” ಎಂದು ಒಂದೇ ಅಂಕಿ ಹೇಳಿದರೆ, ಅದರಲ್ಲಿ ವ್ಯಾಪಾರದ್ದೆಷ್ಟು, ಸವಕಳಿಯದೆಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು.

ಮೂರನೆಯ ವರ್ಷ, 2024-25. ಸವಕಳಿಗೆ ಮೊದಲು 5 ಲಕ್ಷ 17 ಸಾವಿರ ಲಾಭ. ಆ ವರ್ಷದ ಸವಕಳಿಯನ್ನು ಸಾವಿರಕ್ಕೆ ಸರಿಹೊಂದಿಸಿ 2 ಲಕ್ಷ 17 ಸಾವಿರ ಎಂದಿಟ್ಟುಕೊಂಡರೆ, ಉಳಿಯುವುದು 3 ಲಕ್ಷ. ಪಾಲುದಾರಿಕೆ ಸಂಸ್ಥೆಗೆ ಮೊದಲ ರೂಪಾಯಿಯಿಂದಲೇ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್, ಅಂದರೆ ಒಟ್ಟು ಶೇ 31.2. ಹಳೆಯ ನಷ್ಟ ಇಲ್ಲದಿದ್ದರೆ ಈ ವರ್ಷ 93,600 ರೂಪಾಯಿ ಕಟ್ಟಬೇಕಿತ್ತು. ಈಗ ಮೊದಲ ವರ್ಷದ 5 ಲಕ್ಷ ವ್ಯಾಪಾರ ನಷ್ಟದಲ್ಲಿ 3 ಲಕ್ಷ ಇಲ್ಲಿ ಕಳೆದುಹೋಗುತ್ತದೆ. ತೆರಿಗೆ ಸೊನ್ನೆ.

ನಾಲ್ಕನೆಯ ವರ್ಷ, 2025-26. ಕಾರವಾರದಿಂದ ಭಟ್ಕಳದವರೆಗೆ ಅಂಗಡಿಗಳು ಪರಿಚಯವಾಗಿ, ಲಾಭ ಸವಕಳಿಗೆ ಮೊದಲು 11 ಲಕ್ಷ 84 ಸಾವಿರಕ್ಕೆ ಏರಿತು. ಈ ವರ್ಷದ ಸವಕಳಿ 1 ಲಕ್ಷ 84 ಸಾವಿರ. ಉಳಿದದ್ದು 10 ಲಕ್ಷ. ಇದರಿಂದ ಮೊದಲು ಹಳೆಯ ವ್ಯಾಪಾರ ನಷ್ಟ ಹೋಗುತ್ತದೆ: ಮೊದಲ ವರ್ಷದ ಬಾಕಿ 2 ಲಕ್ಷ, ಎರಡನೆಯ ವರ್ಷದ 2 ಲಕ್ಷ. ಉಳಿದ 6 ಲಕ್ಷದಿಂದ ಹಳೆಯ ಸವಕಳಿಯ 5.55 ಲಕ್ಷವನ್ನು ಕಳೆದರೆ ತೆರಿಗೆಗೆ ಒಳಪಡುವುದು 45 ಸಾವಿರ ಮಾತ್ರ. ಕಟ್ಟಬೇಕಾದದ್ದು 14,040 ರೂಪಾಯಿ. ಹಳೆಯ ಲೆಕ್ಕ ಇಲ್ಲದಿದ್ದರೆ 3 ಲಕ್ಷ 12 ಸಾವಿರ ಕಟ್ಟಬೇಕಿತ್ತು.

ಎರಡು ವರ್ಷದಲ್ಲಿ ಉಳಿದ ತೆರಿಗೆ 3,91,560 ರೂಪಾಯಿ. ಮುಂದಿನ ಹಂಗಾಮಿನ ಹಣ್ಣು ಕೊಳ್ಳಲು ಅದು ನೇರವಾಗಿ ಕೈಯಲ್ಲಿರುವ ಹಣ.

ಕಳೆಯುವ ಈ ಕ್ರಮ ನಮ್ಮ ಆಯ್ಕೆಯಲ್ಲ, ಕಾನೂನೇ ಹೇಳಿದ್ದು: ಮೊದಲು ಆ ವರ್ಷದ ಸವಕಳಿ, ನಂತರ ಹಳೆಯ ವ್ಯಾಪಾರ ನಷ್ಟ, ಕೊನೆಗೆ ಹಳೆಯ ಸವಕಳಿ. ಉದ್ದಿಮೆದಾರನಿಗೆ ಇದು ಅನುಕೂಲವೇ. ಅವಧಿ ಮುಗಿಯುವ ನಷ್ಟ ಮೊದಲು ಬಳಕೆಯಾಗುತ್ತದೆ, ಅವಧಿಯೇ ಇಲ್ಲದ ಸವಕಳಿ ಕಾಯುತ್ತದೆ. ಮೊದಲ ವರ್ಷದ ನಷ್ಟಕ್ಕೆ 2030-31ರ ಹಣಕಾಸು ವರ್ಷದವರೆಗೆ ಅವಕಾಶವಿತ್ತು. ಈ ಘಟಕಕ್ಕೆ ಅಷ್ಟು ಕಾಲ ಬೇಕಾಗಲಿಲ್ಲ.

ಘಟಕ ತೆರೆಯುವ ಮೊದಲಿನ ಖರ್ಚಿನ ಬಗ್ಗೆಯೂ ಒಂದು ಮಾತು ಹೇಳಬೇಕು. ನಷ್ಟದ ಲೆಕ್ಕ ಶುರುವಾಗುವುದು ಉದ್ದಿಮೆ ನಡೆಸಲು ಸಿದ್ಧವಾದ ದಿನದಿಂದ. ಮೊದಲ ಬಾಟಲಿ ಮಾರಿದ ದಿನದವರೆಗೆ ಕಾಯಬೇಕಿಲ್ಲ. ಸಿದ್ಧವಾಗುವುದು ಬೇರೆ, ವ್ಯಾಪಾರ ಶುರುವಾಗುವುದು ಬೇರೆ, ಇವೆರಡರ ನಡುವಿನ ಖರ್ಚನ್ನು ಒಪ್ಪಬೇಕು ಎಂದು ಬಾಂಬೆ ಹೈಕೋರ್ಟ್ 1954ರಲ್ಲೇ ವೆಸ್ಟರ್ನ್ ಇಂಡಿಯಾ ವೆಜಿಟೆಬಲ್ ಪ್ರಾಡಕ್ಟ್ಸ್ ಪ್ರಕರಣದಲ್ಲಿ ಹೇಳಿದೆ. ಯಂತ್ರ ಕೂತ ದಿನದ ಬಿಲ್ಲು, ವಿದ್ಯುತ್ ಸಂಪರ್ಕದ ಪತ್ರ, ಆಹಾರ ಪರವಾನಗಿಯ ದಿನಾಂಕ ಇವೆಲ್ಲ ಆ ದಿನವನ್ನು ತೋರಿಸುವ ಸಾಕ್ಷಿಗಳು. ಅದಕ್ಕೂ ಮೊದಲು ಯಂತ್ರ ತರಿಸಲು, ಜೋಡಿಸಲು ಆದ ಖರ್ಚು ಯಂತ್ರದ ಬೆಲೆಗೆ ಸೇರಿ ಸವಕಳಿಯ ಮೂಲಕ ಸಿಗುತ್ತದೆ.

ಒಂದು ದಿನ ತಡವಾದರೆ

ಈ ವ್ಯವಸ್ಥೆ ಮುರಿದು ಬೀಳುವುದು ಹೆಚ್ಚಾಗಿ ಗಡುವಿನ ಹತ್ತಿರ. ಕಲಂ 80 ಹೇಳುವುದು ಕಟುವಾಗಿದೆ: ನಷ್ಟದ ರಿಟರ್ನನ್ನು ಮೂಲ ಗಡುವಿನೊಳಗೆ ಸಲ್ಲಿಸದಿದ್ದರೆ ವ್ಯಾಪಾರ ನಷ್ಟವನ್ನು ಮುಂದಕ್ಕೆ ಒಯ್ಯುವಂತಿಲ್ಲ. 2022-23ರ ಲೆಕ್ಕಕ್ಕೆ, ಆಡಿಟ್ ಬೇಕಿಲ್ಲದವರಿಗೆ ಆ ಗಡುವು 2023ರ ಜುಲೈ 31. ನಮ್ಮ ಗೆಳೆಯರು ಆಗಸ್ಟ್‌ನಲ್ಲಿ ಸಲ್ಲಿಸಿದ್ದರೆ ಏನಾಗುತ್ತಿತ್ತು? ಸಾವಿರ ರೂಪಾಯಿ ತಡ ಶುಲ್ಕ ಕಟ್ಟಿಸಿಕೊಂಡು ವೆಬ್‌ಸೈಟ್ ರಿಟರ್ನನ್ನು ಸ್ವೀಕರಿಸುತ್ತಿತ್ತು. ರಸೀದಿಯೂ ಬರುತ್ತಿತ್ತು. ಎಲ್ಲ ಸರಿಯಾಯಿತು ಎಂದು ಅವರು ಅಂದುಕೊಳ್ಳುತ್ತಿದ್ದರು. ಆದರೆ ಆ ವರ್ಷದ 5 ಲಕ್ಷ ವ್ಯಾಪಾರ ನಷ್ಟ ಅಲ್ಲಿಗೇ ಮುಗಿದಿರುತ್ತಿತ್ತು. ಶೇ 31.2ರ ಲೆಕ್ಕದಲ್ಲಿ 1,56,000 ರೂಪಾಯಿ. ತಡ ಶುಲ್ಕ ಕಟ್ಟುವುದರಿಂದ ರಿಟರ್ನ್ ಊರ್ಜಿತವಾಗುತ್ತದೆ, ನಷ್ಟದ ಹಕ್ಕು ಮರಳುವುದಿಲ್ಲ. ಇದು ಗೊತ್ತಿಲ್ಲದೆ ಮೋಸ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಅದೇ ಕಾಗದಪತ್ರ, ಅದೇ ಅಂಕಿಗಳು ಕೆಲವು ದಿನ ಮೊದಲು ಹೋಗಿದ್ದರೆ ಸಾಕಿತ್ತು.

ಇದೇ ತಡದಲ್ಲೂ 3 ಲಕ್ಷದ ಸವಕಳಿ ಮಾತ್ರ ಉಳಿಯುತ್ತದೆ. ಅದಕ್ಕೆ ಕಲಂ 80ರ ಷರತ್ತು ಅನ್ವಯಿಸುವುದಿಲ್ಲ. ತಡವಾಗಿ ಸಲ್ಲಿಸಿದವರು ಎಲ್ಲ ಹೋಯಿತೆಂದು ಕೈಬಿಡುವ ಮೊದಲು ಇದನ್ನು ನೋಡಿಕೊಳ್ಳಬೇಕು. ಹಾಗೆಯೇ ಷರತ್ತು ಇರುವುದು ನಷ್ಟವಾದ ವರ್ಷದ ರಿಟರ್ನಿಗೆ. ಲಾಭ ಬಂದ ನಾಲ್ಕನೆಯ ವರ್ಷದ ರಿಟರ್ನ್ ತಡವಾದರೆ ಬಡ್ಡಿ, ಶುಲ್ಕ ಬೀಳಬಹುದು. ಆದರೆ ಮೊದಲ ವರ್ಷ ಸರಿಯಾಗಿ ದಾಖಲಾದ ನಷ್ಟ ಅದರಿಂದ ರದ್ದಾಗುವುದಿಲ್ಲ.

ಗಡುವಿನ ದಿನಾಂಕ ಆಡಿಟ್ ಇದ್ದವರಿಗೆ ಬೇರೆ, ಇಲ್ಲದವರಿಗೆ ಬೇರೆ. ಕೆಲವು ವರ್ಷ ಕೇಂದ್ರ ನೇರ ತೆರಿಗೆ ಮಂಡಳಿ ಅದನ್ನು ವಿಸ್ತರಿಸುತ್ತದೆ, ಕೆಲವು ವರ್ಷ ವಿಸ್ತರಿಸುವುದಿಲ್ಲ. ವಿಸ್ತರಿಸಿಯೇ ವಿಸ್ತರಿಸುತ್ತಾರೆ ಎಂದು ನಂಬಿ ಕೂರುವುದು ಬೇಡ. ಜುಲೈಯಲ್ಲಿ ನಮ್ಮ ಕಡೆಯ ಮಳೆಗೆ ಕರೆಂಟು, ಇಂಟರ್ನೆಟ್ ಎರಡೂ ಯಾವಾಗ ಹೋಗುತ್ತವೆ ಎಂದು ಹೇಳಲಾಗದು. ಲೆಕ್ಕ ಮೇ ತಿಂಗಳಲ್ಲೇ ಕೈಸೇರಿದರೆ ಸಿಎಗೂ ಸಮಾಧಾನ.

ಇನ್ನೊಂದು ಸೂಕ್ಷ್ಮ ಜಾಗವಿದೆ. ರಿಟರ್ನ್ ಅಪ್‌ಲೋಡ್ ಮಾಡಿದರೆ ಕೆಲಸ ಮುಗಿಯಲಿಲ್ಲ, 30 ದಿನದೊಳಗೆ ಅದನ್ನು ದೃಢೀಕರಿಸಬೇಕು. ಆ 30 ದಿನ ಮೀರಿ ದೃಢೀಕರಿಸಿದರೆ, ದೃಢೀಕರಿಸಿದ ದಿನವನ್ನೇ ಸಲ್ಲಿಸಿದ ದಿನವೆಂದು ಎಣಿಸುತ್ತಾರೆ. ಜುಲೈ 30ಕ್ಕೆ ಅಪ್‌ಲೋಡ್ ಮಾಡಿ, ಒಟಿಪಿ ಬರುವ ಮೊಬೈಲ್ ಬೆಂಗಳೂರಿನಲ್ಲಿರುವ ಪಾಲುದಾರನ ಬಳಿ ಇದೆಯೆಂದು ಸೆಪ್ಟೆಂಬರ್‌ವರೆಗೆ ಬಿಟ್ಟರೆ ಅದು ತಡವಾದ ರಿಟರ್ನ್. ನಷ್ಟ ಹೋದಂತೆಯೇ.

ನಿಜವಾದ ಕಾರಣವಿದ್ದು ತಡವಾದವರಿಗೆ ಒಂದು ದಾರಿ ಉಳಿದಿದೆ. ಕಲಂ 119(2)(ಬಿ) ಅಡಿಯಲ್ಲಿ ವಿಳಂಬವನ್ನು ಮನ್ನಿಸುವಂತೆ ಇಲಾಖೆಯ ಹಿರಿಯ ಅಧಿಕಾರಿಗೆ ಅರ್ಜಿ ಹಾಕಬಹುದು. 2024ರ ಅಕ್ಟೋಬರ್‌ನಲ್ಲಿ ಬಂದ ಸುತ್ತೋಲೆಯ ಪ್ರಕಾರ ಕರ ನಿರ್ಧಾರಣಾ ವರ್ಷ, ಅಂದರೆ ನಷ್ಟವಾದ ಹಣಕಾಸು ವರ್ಷದ ಮರುವರ್ಷ, ಮುಗಿದು ಐದು ವರ್ಷದೊಳಗೆ ಅರ್ಜಿ ಸಲ್ಲಬೇಕು. ಆಸ್ಪತ್ರೆಯ ದಾಖಲೆ, ಪ್ರವಾಹದ ಪಂಚನಾಮೆಯಂಥ ಪುರಾವೆ ಇದ್ದರೆ ಮಾತಿಗೆ ತೂಕ ಬರುತ್ತದೆ. ಆದರೆ ಮನ್ನಿಸುವುದು ಅಧಿಕಾರಿಯ ವಿವೇಚನೆ, ನಮ್ಮ ಹಕ್ಕಲ್ಲ.

ಸುಲಭದ ಫಾರಂ ಕೊಡುವ ಪೆಟ್ಟು

ಸಣ್ಣ ವ್ಯಾಪಾರಿಗಳಿಗೆ ಅಂದಾಜು ಆದಾಯದ ಯೋಜನೆ ಇದೆ, ಕಲಂ 44ಎಡಿ. ಲೆಕ್ಕಪತ್ರ ಇಡಬೇಕಿಲ್ಲ, ವಹಿವಾಟಿನ ಶೇ 8ರಷ್ಟು, ಬ್ಯಾಂಕ್ ಮೂಲಕ ಬಂದ ಹಣಕ್ಕೆ ಶೇ 6ರಷ್ಟು ಲಾಭವೆಂದು ತೋರಿಸಿ ITR-4 ತುಂಬಿದರೆ ಮುಗಿಯಿತು. ಚೆನ್ನಾಗಿ ನಡೆಯುವ ಅಂಗಡಿಗೆ ಇದು ಒಳ್ಳೆಯದೇ. ನಷ್ಟದಲ್ಲಿರುವ ಹೊಸ ಘಟಕಕ್ಕೆ ಇದಕ್ಕಿಂತ ಕೆಟ್ಟ ಆಯ್ಕೆ ಇಲ್ಲ.

ನಮ್ಮ ಘಟಕದ ಮೊದಲ ವರ್ಷದ ವಹಿವಾಟು 30 ಲಕ್ಷ, ಅದೂ ಬಹುತೇಕ ನಗದು ಎಂದಿಟ್ಟುಕೊಳ್ಳಿ. ಶೇ 8 ಎಂದರೆ 2 ಲಕ್ಷ 40 ಸಾವಿರ ಲಾಭ ತೋರಿಸಿದಂತಾಯಿತು. ಪಾಲುದಾರಿಕೆ ಸಂಸ್ಥೆ ಅದರ ಮೇಲೆ 74,880 ರೂಪಾಯಿ ತೆರಿಗೆ ಕಟ್ಟಬೇಕು. ನಿಜವಾಗಿ ಆದದ್ದು 8 ಲಕ್ಷದ ನಷ್ಟ! ಆ ನಷ್ಟವೂ ದಾಖಲಾಗುವುದಿಲ್ಲ, ಆ ವರ್ಷದ ಸವಕಳಿಯನ್ನೂ ಕೊಟ್ಟಾಗಿದೆ ಎಂದೇ ಕಾನೂನು ಭಾವಿಸುತ್ತದೆ. ಗಡುವಿನೊಳಗೆ ಸಲ್ಲಿಸಿಯೂ ಎಲ್ಲವನ್ನೂ ಕಳೆದುಕೊಳ್ಳುವ ದಾರಿ ಇದು. ನಷ್ಟವನ್ನು ಮುಂದಕ್ಕೆ ಒಯ್ಯಬೇಕಾದರೆ ಸರಿಯಾದ ಜಮಾ-ಖರ್ಚು ಪುಸ್ತಕ ಇಟ್ಟು, ಒಬ್ಬರೇ ಮಾಲೀಕರಾದರೆ ITR-3, ಪಾಲುದಾರಿಕೆಯಾದರೆ ITR-5 ತುಂಬಬೇಕು.

ಪುಸ್ತಕ ಇಡುವುದೆಂದರೆ ನಮ್ಮ ಕಡೆ ಹೆಚ್ಚು ಎಡವುವುದು ನಗದು ಖರೀದಿಯಲ್ಲಿ. ಒಬ್ಬರಿಗೆ ಒಂದು ದಿನ 10 ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಬೆಳೆಗಾರನಿಂದಲೇ ನೇರವಾಗಿ ಕೃಷಿ ಉತ್ಪನ್ನ ಕೊಂಡಾಗ ಇದಕ್ಕೆ ವಿನಾಯಿತಿ ಇದೆ. ಹಣ್ಣು ತಂದುಕೊಟ್ಟ ತೋಟದವರ ಹೆಸರು, ಊರು, ತೂಕ, ದರ, ಸಹಿ ಇರುವ ಚೀಟಿ ಇಟ್ಟುಕೊಂಡರೆ ನಷ್ಟದ ಅಂಕಿ ನಿಲ್ಲುತ್ತದೆ. ಚೀಟಿಯೇ ಇಲ್ಲದ ಖರೀದಿಯನ್ನು ಅಧಿಕಾರಿ ತೆಗೆದುಹಾಕಿದರೆ ಅಷ್ಟೂ ನಷ್ಟ ಕರಗುತ್ತದೆ.

ಒಬ್ಬರೇ ಮಾಲೀಕರಾಗಿದ್ದರೆ

ಇಲ್ಲಿ ಒಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಇದೇ ಘಟಕವನ್ನು ಪಾಲುದಾರಿಕೆಯ ಬದಲು ಒಬ್ಬರೇ ತಮ್ಮ ಹೆಸರಿನಲ್ಲಿ ನಡೆಸಿದ್ದರೆ ಅದೇ 12.55 ಲಕ್ಷ ನಷ್ಟದ ಬೆಲೆ ಎಷ್ಟು? ಬೇರೆ ಆದಾಯವಿಲ್ಲದೆ, ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ, ಒಂದು ರೂಪಾಯಿಯೂ ಇಲ್ಲ.

ಮೂರನೆಯ ವರ್ಷದ 3 ಲಕ್ಷಕ್ಕೆ ವ್ಯಕ್ತಿಗೆ ಹೇಗೂ ತೆರಿಗೆ ಇರಲಿಲ್ಲ. ನಾಲ್ಕನೆಯ ವರ್ಷ, 2025-26ರಲ್ಲಿ, 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ 10 ಲಕ್ಷಕ್ಕೂ ತೆರಿಗೆ ಬೀಳುತ್ತಿರಲಿಲ್ಲ. ಹಾಗಾದರೆ ನಷ್ಟವನ್ನು ಈಗ ಮುಟ್ಟದೆ, ದೊಡ್ಡ ಲಾಭ ಬರುವ ವರ್ಷಕ್ಕೆ ಎತ್ತಿಡಬಹುದಲ್ಲ? ಇಡುವಂತಿಲ್ಲ. ಲಾಭ ಬಂದ ಮೊದಲ ವರ್ಷವೇ ಹಳೆಯ ನಷ್ಟವನ್ನು ಕಳೆಯಲೇಬೇಕು, ಬೇಕಿದ್ದಷ್ಟು ಮಾತ್ರ ಕಳೆಯುವ ಆಯ್ಕೆಯೂ ಇಲ್ಲ. ತೆರಿಗೆಯೇ ಇಲ್ಲದ ಆದಾಯವನ್ನು ಅಳಿಸುತ್ತ ನಷ್ಟ ಖರ್ಚಾಗಿಹೋಗುತ್ತದೆ. ಸಂಸ್ಥೆಗೆ ಪ್ರತಿ ರೂಪಾಯಿ ನಷ್ಟ 31.2 ಪೈಸೆ ಉಳಿಸಿದರೆ, ವ್ಯಕ್ತಿಗೆ ಅದು ಅವನ ಆದಾಯದ ಮಟ್ಟವನ್ನು ಅವಲಂಬಿಸಿ ಏನನ್ನೂ ಉಳಿಸದಿರಬಹುದು. ಇದರಿಂದ ಪಾಲುದಾರಿಕೆಯೇ ಮೇಲು ಎಂದು ತಿಳಿಯಬಾರದು. ಆ ನಾಲ್ಕು ವರ್ಷ ವ್ಯಕ್ತಿಯೂ ತೆರಿಗೆ ಕಟ್ಟಿಲ್ಲ, ನೆನಪಿರಲಿ. ನಷ್ಟದ ಮೊತ್ತವನ್ನು ನೋಡಿ ಅಷ್ಟೂ ಹಣ ಉಳಿಯುತ್ತದೆ ಎಂದು ಮುಂದಿನ ಲೆಕ್ಕ ಹಾಕಬಾರದು, ಅಷ್ಟೇ.

ಒಂಟಿ ಮಾಲೀಕರಿಗೆ ಇನ್ನೆರಡು ವಿಷಯ ಮುಖ್ಯ. ನಷ್ಟವಾದ ವರ್ಷ ಠೇವಣಿಯ ಬಡ್ಡಿ ಅಥವಾ ಮನೆ ಬಾಡಿಗೆ ಬಂದಿದ್ದರೆ ನಷ್ಟ ಮೊದಲು ಅದರಿಂದ ಕಳೆಯುತ್ತದೆ, ಉಳಿದದ್ದು ಮಾತ್ರ ಮುಂದಕ್ಕೆ ಹೋಗುತ್ತದೆ. ಸಂಬಳದಿಂದ ಮಾತ್ರ ಕಳೆಯುವಂತಿಲ್ಲ. ಹಗಲು ಶಾಲೆಯಲ್ಲಿ ಪಾಠ ಮಾಡಿ ಸಂಜೆ ಘಟಕ ನೋಡಿಕೊಳ್ಳುವವರು ಸಂಬಳಕ್ಕೆ ಪೂರ್ತಿ ತೆರಿಗೆ ಕಟ್ಟಿ, ನಷ್ಟವನ್ನು ಪೂರ್ತಿ ಮುಂದಕ್ಕೆ ಒಯ್ಯಬೇಕು. ಎರಡನೆಯದು ತೋಟದ ಆದಾಯ. ಅಡಿಕೆ, ತೆಂಗಿನ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಘಟಕದ ನಷ್ಟವನ್ನು ಅದರಿಂದ ಕಳೆಯುವ ಪ್ರಶ್ನೆ ಬರುವುದಿಲ್ಲ, ನಷ್ಟ ಹಾಗೇ ಉಳಿಯುತ್ತದೆ. ತಮ್ಮದೇ ತೋಟದ ಮುರುಗಲನ್ನು ಘಟಕಕ್ಕೆ ಬಳಸಿದವರು ಅದನ್ನು ಪುಕ್ಕಟೆ ಎಂದು ಬಿಡಬಾರದು. ಅದರ ಮಾರುಕಟ್ಟೆ ಬೆಲೆಯನ್ನು ಘಟಕದ ಖರ್ಚಿಗೆ ಹಾಕಲು ನಿಯಮವೇ ಅವಕಾಶ ಕೊಡುತ್ತದೆ.

ಒಬ್ಬ ಪಾಲುದಾರ ಹೊರಟರೆ

ಎರಡು ವರ್ಷ ನಷ್ಟ ಕಂಡ ಮೇಲೆ ಒಬ್ಬರು ಸಾಕೆಂದು ಹೊರಡುವುದು ಅಪರೂಪವಲ್ಲ. ಕಲಂ 78ರ ಪ್ರಕಾರ ಹೊರಟವರ ಅಥವಾ ತೀರಿಕೊಂಡವರ ಪಾಲಿಗೆ ಬರುವ ನಷ್ಟವನ್ನು ಸಂಸ್ಥೆ ಮುಂದಕ್ಕೆ ಒಯ್ಯುವಂತಿಲ್ಲ. ನಮ್ಮ ಘಟಕದಲ್ಲಿ 7 ಲಕ್ಷ ವ್ಯಾಪಾರ ನಷ್ಟದ ಅರ್ಧ, 3.5 ಲಕ್ಷ ಹೋಗುತ್ತದೆ. ಆದರೆ ಇಬ್ಬರೇ ಇದ್ದ ಸಂಸ್ಥೆಯಲ್ಲಿ ಅಪಾಯ ಇದಕ್ಕಿಂತ ದೊಡ್ಡದು. ಪಾಲುದಾರಿಕೆಗೆ ಕನಿಷ್ಠ ಇಬ್ಬರು ಬೇಕು. ಒಬ್ಬ ಹೊರಟ ಕ್ಷಣ ಸಂಸ್ಥೆಯೇ ಇಲ್ಲವಾಗುತ್ತದೆ, ಉಳಿದವನು ಹೊಸ ವ್ಯಕ್ತಿಯಾಗಿ ವ್ಯಾಪಾರ ಮುಂದುವರಿಸಿದಂತಾಗುತ್ತದೆ. ಸಂಸ್ಥೆಯ ನಷ್ಟ ಅವನಿಗೆ ದಾಟುವುದಿಲ್ಲ. ಹೊರಡುವವರ ಪತ್ರಕ್ಕೆ ಸಹಿ ಬೀಳುವ ಮೊದಲೇ ಮನೆಯವರೊಬ್ಬರನ್ನೋ ಇನ್ನೊಬ್ಬ ನಂಬಿಕಸ್ಥರನ್ನೋ ಪಾಲುದಾರರಾಗಿ ಸೇರಿಸಿಕೊಂಡಿದ್ದರೆ ಸಂಸ್ಥೆ ಉಳಿಯುತ್ತದೆ, ಅದರೊಂದಿಗೆ ಅರ್ಧ ನಷ್ಟವೂ ಹಳೆಯ ಸವಕಳಿಯೂ ಉಳಿಯುತ್ತವೆ. ಎರಡು ಪತ್ರಗಳ ದಿನಾಂಕ ಹಿಂದುಮುಂದಾದರೆ ಲಕ್ಷಗಟ್ಟಲೆ ಹಣದ ವ್ಯತ್ಯಾಸ.

ಪ್ರೈವೇಟ್ ಲಿಮಿಟೆಡ್ ಕಂಪನಿಗೂ ಇದೇ ಜಾತಿಯ ನಿಯಮವಿದೆ: ನಷ್ಟವಾದ ವರ್ಷದ ಶೇರುದಾರರ ಕೈಯಲ್ಲಿ ಶೇ 51ರಷ್ಟು ಮತಾಧಿಕಾರ ಉಳಿದಿರಬೇಕು. ಇನ್ನು ವ್ಯಾಪಾರ ಬದಲಾದರೆ ತೊಂದರೆಯಿಲ್ಲ. ಮುರುಗಲು ನಿಲ್ಲಿಸಿ ಅದೇ ಸಂಸ್ಥೆ ಗೋಕರ್ಣದಲ್ಲಿ ಹೋಂಸ್ಟೇ ನಡೆಸಿದರೂ ಅದರ ವ್ಯಾಪಾರ ಲಾಭದಿಂದ ಹಳೆಯ ನಷ್ಟವನ್ನು ಕಳೆಯಬಹುದು.

ನಷ್ಟ ಉಳಿದಿದೆಯೇ ಎಂದು ನೋಡುವುದು

ಸಲ್ಲಿಸಿದ ರಿಟರ್ನಿನ ಪ್ರತಿಯಲ್ಲಿ Schedule CFL ಎಂಬ ಪುಟವಿರುತ್ತದೆ. ವರ್ಷವಾರು ಮುಂದಕ್ಕೆ ಹೋಗುವ ವ್ಯಾಪಾರ ನಷ್ಟ, ಅದರ ಪಕ್ಕದಲ್ಲಿ ಆ ವರ್ಷದ ರಿಟರ್ನ್ ಸಲ್ಲಿಸಿದ ದಿನಾಂಕ ಅಲ್ಲಿ ಕಾಣುತ್ತದೆ. ಸವಕಳಿಗೆ Schedule UD ಬೇರೆಯೇ ಇದೆ. ಲಾಭದ ವರ್ಷದಲ್ಲಿ ಕಳೆದದ್ದು Schedule BFLA ಪುಟದಲ್ಲಿ ಬರುತ್ತದೆ. ಹೊಸ ಸಿಎ ಹತ್ತಿರ ಹೋದಾಗ, ಅಥವಾ ಫಾರಂ ಖಾಲಿಯಿಂದ ತುಂಬಿದಾಗ, ಹಳೆಯ ವರ್ಷದ ಸಾಲು ಬಿಟ್ಟುಹೋಗುವುದುಂಟು. ಕಳೆದ ವರ್ಷದ ಕೊನೆಯ ಮೊತ್ತ ಈ ವರ್ಷದ ಆರಂಭದ ಮೊತ್ತಕ್ಕೆ ಸರಿಹೊಂದುತ್ತದೆಯೇ ಎಂದು ಸಹಿ ಹಾಕುವ ಮೊದಲೇ ನೋಡಬೇಕು. ರಿಟರ್ನ್ ಸಲ್ಲಿಸಿದ ಮೇಲೆ ಇಲಾಖೆಯಿಂದ ಕಲಂ 143(1)ರ ಸೂಚನೆ ಇಮೇಲಿನಲ್ಲಿ ಬರುತ್ತದೆ. ಅದರಲ್ಲಿ ನಾವು ತೋರಿಸಿದ ಅಂಕಿ ಒಂದು ಕಡೆ, ಇಲಾಖೆ ಒಪ್ಪಿದ ಅಂಕಿ ಇನ್ನೊಂದು ಕಡೆ. ತೆರಿಗೆ ಸೊನ್ನೆ ಎಂದು ಕಂಡ ಕೂಡಲೇ ಮುಚ್ಚಿಡದೆ, ನಷ್ಟದ ಸಾಲಿನಲ್ಲಿ ಎರಡೂ ಒಂದೇ ಇವೆಯೇ ಎಂದು ನೋಡಿ. ವ್ಯತ್ಯಾಸವಿದ್ದರೆ ಆಗಲೇ ತಿದ್ದುಪಡಿ ಕೇಳಬೇಕು. ನಾಲ್ಕು ವರ್ಷದ ನಂತರ ಲಾಭ ಬಂದಾಗ ಕೇಳಹೊರಟರೆ ಕಾಲಮಿತಿ ಮೀರಿರಬಹುದು.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯಿಸುವುದರಿಂದ ಕಲಂಗಳ ಸಂಖ್ಯೆ ಬದಲಾಗುತ್ತದೆ, ಎಂಟು ವರ್ಷದ ಅವಧಿ ಬದಲಾಗುವುದಿಲ್ಲ. ಹಳೆಯ ಕಾಯ್ದೆಯಡಿ ದಾಖಲಾದ ನಷ್ಟ ತನ್ನ ಉಳಿದ ವರ್ಷಗಳಿಗೆ ಹೊಸದರಲ್ಲೂ ಮುಂದುವರಿಯುತ್ತದೆ. ಹಳೆಯ ರಿಟರ್ನುಗಳು, ದೃಢೀಕರಣದ ರಸೀದಿಗಳು, 143(1)ರ ಸೂಚನೆಗಳನ್ನು ಆ ನಷ್ಟ ಪೂರ್ತಿ ಕಳೆದು ಮುಗಿಯುವವರೆಗೆ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ.